ಕೀಮೋಥೆರಪಿಯ ಗುರುತು ಕೂದಲ ಎಳೆಯ ಮೇಲೆ: ತಲೆ ತಂಪಾಗಿಸುವ ಚಿಕಿತ್ಸೆ ಮತ್ತು ಮರುಬೆಳವಣಿಗೆ

ತಲೆಗೂದಲಿನ ಸುಮಾರು ಶೇ. 85–90 ಭಾಗ ಯಾವಾಗಲೂ ಬೆಳೆಯುವ ಹಂತದಲ್ಲಿರುತ್ತದೆ. ವೇಗವಾಗಿ ವಿಭಜನೆಯಾಗುವ ಜೀವಕೋಶಗಳನ್ನು ಹೊಡೆಯುವ ಕೀಮೋ ಔಷಧಿ ಕೂದಲ ಬುಡದ ಕೋಶಗಳನ್ನೂ ಬಿಡುವುದಿಲ್ಲ. ಪೆಟ್ಟು ಬಲವಾಗಿದ್ದರೆ ಎರಡು ಮೂರು ವಾರಗಳಲ್ಲಿ ಕೂದಲು ಉದುರುತ್ತದೆ. ಪೆಟ್ಟು ಹಗುರವಾಗಿದ್ದರೆ ಕೂದಲು ಉಳಿಯುತ್ತದೆ. ಆದರೆ ಆ ದಿನಗಳಲ್ಲಿ ತಯಾರಾದ ತುಣುಕು ಸಣಕಲಾಗಿರುತ್ತದೆ. ಇದಕ್ಕೆ ಪೋಲ್–ಪಿಂಕಸ್ ಸಂಕುಚನವೆಂದು ಹೆಸರು.

ತಲೆಗೆ ತಣ್ಣನೆಯ ಟೋಪಿ ಹಾಕುವುದು ಈ ಪೆಟ್ಟನ್ನು ಹಗುರಗೊಳಿಸಲು. ತಂಪಿಗೆ ರಕ್ತನಾಳಗಳು ಕುಗ್ಗಿ ಬುಡಕ್ಕೆ ತಲುಪುವ ಔಷಧಿ ಕಡಿಮೆಯಾಗುತ್ತದೆ, ಕೋಶಗಳ ಚಟುವಟಿಕೆಯೂ ನಿಧಾನವಾಗುತ್ತದೆ. ಡ್ರಿಪ್‌ಗೆ ಸುಮಾರು ಅರ್ಧ ಗಂಟೆ ಮೊದಲೇ ಟೋಪಿ ಹಾಕುತ್ತಾರೆ. ಡ್ರಿಪ್ ಮುಗಿದ ಮೇಲೂ, ಔಷಧಿಗೆ ತಕ್ಕಂತೆ, ಒಂದೂವರೆ ಗಂಟೆಯವರೆಗೆ ಅಥವಾ ಇನ್ನೂ ಹೆಚ್ಚು ಹೊತ್ತು ಇರಿಸುತ್ತಾರೆ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ನಾಲ್ಕು ಸುತ್ತುಗಳ ನಂತರ, ಟೋಪಿ ಧರಿಸಿದ 95 ಸ್ತನ ಕ್ಯಾನ್ಸರ್ ರೋಗಿಗಳಲ್ಲಿ 48 ಮಂದಿಯ ಕೂದಲು ಉಳಿದಿತ್ತು. ಧರಿಸದ 47 ಮಂದಿಯಲ್ಲಿ ಒಬ್ಬರದೂ ಉಳಿಯಲಿಲ್ಲ. ‘ಉಳಿಯುವುದು’ ಎಂದರೆ ಇಲ್ಲಿ ಅರ್ಧಕ್ಕಿಂತ ಕಡಿಮೆ ಉದುರುವುದು ಎಂದಷ್ಟೇ ಅರ್ಥ. ಇದನ್ನು ಮೊದಲೇ ಹೇಳದೆ ಟೋಪಿ ಹಾಕಿದರೆ ಯಶಸ್ಸೂ ಸೋಲಿನಂತೆ ಕಾಣುತ್ತದೆ. ಡಾಕ್ಸೊರುಬಿಸಿನ್ ಗುಂಪಿನ ಔಷಧಿಗಳಲ್ಲಿ ಫಲ ಟ್ಯಾಕ್ಸೇನ್‌ಗಳಿಗಿಂತ ಕಡಿಮೆ. ರಕ್ತದ ಕ್ಯಾನ್ಸರ್ ಇದ್ದವರಿಗೆ, ತಂಪಿಗೆ ಮೈಯಲ್ಲಿ ದದ್ದು ಏಳುವವರಿಗೆ ಇದು ಸಲ್ಲದು. ನಡುನೆತ್ತಿಯಲ್ಲಿ ಮಾತ್ರ ದುಂಡಗೆ ಬೋಳಾದರೆ ಅಲ್ಲಿ ಟೋಪಿ ಚರ್ಮಕ್ಕೆ ಅಂಟಿ ಕೂತಿರಲಿಲ್ಲವೆಂದೇ ಮೊದಲು ಅನುಮಾನಿಸಬೇಕು. ದಟ್ಟ ಕೂದಲಿನವರಲ್ಲಿ ಜಡೆ ಬಿಚ್ಚಿ, ಕೂದಲನ್ನು ಒದ್ದೆ ಮಾಡಿ, ಹರಡಿ ಟೋಪಿ ಕೂರಿಸುವುದು ಅದಕ್ಕಾಗಿಯೇ.

ಉಳಿದ ಕೂದಲಿನ ಮುಂದಿನ ಕಥೆಗೆ ಸಂಶೋಧಕರು ಕೊಟ್ಟ ಗಮನ ಸಾಲದು. ಮೂರು ವಾರಕ್ಕೊಮ್ಮೆ ಡಾಸೆಟ್ಯಾಕ್ಸೆಲ್, ಒಟ್ಟು ನಾಲ್ಕು ಸುತ್ತು ಪಡೆದವರೊಬ್ಬರನ್ನು ಊಹಿಸಿಕೊಳ್ಳಿ. ಕೂದಲು ದಿನಕ್ಕೆ ಸುಮಾರು 0.35 ಮಿ.ಮೀ. ಬೆಳೆಯುವುದರಿಂದ ಸಣಕಲು ಜಾಗಗಳು ಸರಿಸುಮಾರು 7 ಮಿ.ಮೀ.ಗೆ ಒಂದರಂತೆ ಬೀಳಬಹುದು; ನಾಲ್ಕೂ ಸೇರಿ ಎರಡು ಸೆಂ.ಮೀ. ಪಟ್ಟಿ. ಕೊನೆಯ ಸುತ್ತಿನ ಆರು ತಿಂಗಳ ನಂತರ ಆ ಪಟ್ಟಿ ಬುಡದಿಂದ 6ರಿಂದ 8 ಸೆಂ.ಮೀ. ದೂರದಲ್ಲಿರುತ್ತದೆ. ಸಣಕಲು ಜಾಗದಲ್ಲಿ ಕೂದಲು ತುಂಡಾಗಬಹುದು; ಅದಕ್ಕೇ ಬಾಚಣಿಗೆಗೆ ಬಂದ ಕೂದಲನ್ನು ನೋಡಿ: ತುದಿಯಲ್ಲಿ ಬೇರಿನ ಗುರುತಿದ್ದರೆ ಅದು ಉದುರಿದ್ದು, ಇಲ್ಲದಿದ್ದರೆ ತುಂಡಾದದ್ದು. ತುಂಡಾಗುತ್ತಿದ್ದರೆ ಬಿಗಿ ಜಡೆ, ರಬ್ಬರ್ ಬ್ಯಾಂಡ್, ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದು ಬೇಡ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿದರೆ ಸಾಕು.

ಪೂರ್ತಿ ಉದುರಿದವರಲ್ಲಿ ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲೇ ನವಿರು ಕೂದಲು ಮೂಡುತ್ತದೆ; ಗುಂಗುರಾಗಿಯೋ ನರೆತೋ ಬರಬಹುದು. ಬಣ್ಣ ಹಚ್ಚುವುದನ್ನು, ಅದರಲ್ಲೂ ‘ಕಪ್ಪು ಮೆಹಂದಿ’ಯನ್ನು, ಕೆಲವು ತಿಂಗಳು ಮುಂದೂಡುವುದು ಒಳಿತು. ಆರು ತಿಂಗಳಾದರೂ ನೆತ್ತಿ ತೆಳುವಾಗಿಯೇ ಇದ್ದರೆ ಅದನ್ನು ಕಾಯುವ ವಿಷಯವೆಂದು ಬಿಡದೆ ಚರ್ಮವೈದ್ಯರಿಗೆ ತೋರಿಸಬೇಕು: ಡಾಸೆಟ್ಯಾಕ್ಸೆಲ್ ಪಡೆದ ಕೆಲವರಲ್ಲಿ ಈ ನಷ್ಟ ಶಾಶ್ವತವಾಗಿ ಉಳಿಯುತ್ತದೆ.