ಕಿವಿ ಸರಿಯಿದೆ ಅಂದಮೇಲೆ

ಕರೆದರೆ ತಿರುಗಿ ನೋಡದ ಎರಡು ವರ್ಷದ ಮಗುವನ್ನು ಹೊಸಹಳ್ಳಿಯ ಮನೆಯೊಂದರಿಂದ ಮೊದಲು ಕರೆದೊಯ್ಯುವುದು ಇಎನ್‌ಟಿ ಡಾಕ್ಟರ ಬಳಿಗೇ. ಬೇರಾ ಪರೀಕ್ಷೆಯಾಗಿ ಕಿವಿ ಸರಿಯಿದೆ ಎಂದು ವರದಿ ಬರುತ್ತದೆ. ‘ಅವರಪ್ಪನಿಗೂ ಮಾತು ತಡವಾಗಿಯೇ ಬಂದದ್ದು’ ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಹಾಗೇ ಒಂದು ವರ್ಷ ಕಳೆದುಹೋಗುವುದೂ ಉಂಟು. ಆದರೆ ಕಿವಿ ಕೇಳಿಸಿಯೂ ಮಗು ಓಗೊಡದಿದ್ದರೆ ಆಟಿಸಂ ಇರಬಹುದೇ ಎಂದು ವಿಚಾರಿಸಬೇಕಾದದ್ದು ಆಗಲೇ.

ಮಾತಿಗಿಂತ ಮೊದಲು ನೋಡಬೇಕಾದದ್ದು ಬೆರಳನ್ನು. ಒಂದೂವರೆ ವರ್ಷದ ಮಗು ನಾಯಿಯನ್ನು ಬೆರಳಿನಿಂದ ತೋರಿಸಿ ಅಮ್ಮನ ಮುಖ ನೋಡುತ್ತದೆ. ತಾನು ಕಂಡದ್ದನ್ನು ಅವಳೂ ಕಾಣಲಿ ಎಂಬ ಆಸೆ ಅದಕ್ಕೆ. ಆಟಿಸಂ ಇರುವ ಎಷ್ಟೋ ಮಕ್ಕಳು ಬಿಸ್ಕತ್ತು ಬೇಕಾದರೆ ಅಮ್ಮನ ಮಣಿಕಟ್ಟು ಹಿಡಿದೆಳೆದು ಡಬ್ಬಿಯ ಮೇಲಿಡುತ್ತಾರೆ, ಮುಖ ನೋಡುವುದಿಲ್ಲ. ಕೆಲವರಲ್ಲಿ ಬಂದಿದ್ದ ನಾಲ್ಕಾರು ಮಾತೂ ನಿಂತುಹೋಗುತ್ತವೆ.

1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವಿವರ ಬರೆದು ಆಟಿಸಂ ಅನ್ನು ಗುರುತಿಸಿದರು. ಮುಂದೆ ದಶಕಗಳ ಕಾಲ ಅಮ್ಮನ ಅಕ್ಕರೆ ಸಾಲದೆಂದೇ ಹೀಗಾಯಿತು ಎಂಬ ವಾದ ಓಡಾಡಿತು. 1977ರಲ್ಲಿ ಸಂಶೋಧಕರಾದ ಫೋಲ್‌ಸ್ಟೀನ್ ಮತ್ತು ರಟರ್ ಅವಳಿ ಮಕ್ಕಳನ್ನು ಪರಿಶೀಲಿಸಿ ಇದರಲ್ಲಿ ಆನುವಂಶಿಕತೆಯ ಪಾಲು ದೊಡ್ಡದೆಂದು ತೋರಿಸಿದ ಮೇಲೆ ಆ ವಾದ ಸಡಿಲವಾಯಿತು. (ದೂರು ಮಾತ್ರ ಹೋಗಿಲ್ಲ, ಈಗ ಅದು ಮೊಬೈಲ್ ಕೊಟ್ಟ ಅಮ್ಮನ ಮೇಲಿದೆ.)

ಪರೀಕ್ಷೆಯ ಮೊದಲ ಜರಡಿ ಎಂ-ಚಾಟ್: 16ರಿಂದ 30 ತಿಂಗಳ ಮಕ್ಕಳ ತಂದೆತಾಯಿಗೆ ಕೇಳುವ ಇಪ್ಪತ್ತು ಪ್ರಶ್ನೆಗಳು. ಮೂರು ಅಂಕ ಬಂದರೂ ಮತ್ತೆ ವಿಚಾರಿಸಬೇಕು, ಎಂಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರವಾಗಿ ತಜ್ಞರ ಬಳಿಗೆ. ಇದು ರೋಗನಿರ್ಣಯವಲ್ಲ. ಆ ಮೇಲೆ ಬರುವುದು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ರೂಪುಗೊಂಡ ಭಾರತೀಯ ಮಾಪಕ ಐಸಾ. ಅದರಲ್ಲಿ ನಲವತ್ತು ಅಂಶಗಳಿವೆ. ಆಟವಾಡುತ್ತಿರುವ ಮಗುವನ್ನು ನೋಡಿ, ತಂದೆತಾಯಿಯನ್ನು ಕೇಳಿ, ಒಂದೊಂದಕ್ಕೂ ಒಂದರಿಂದ ಐದು ಅಂಕ ಕೊಡುತ್ತಾರೆ. ಒಟ್ಟು 70ರಿಂದ 106 ಬಂದರೆ ಸೌಮ್ಯ, 153ರವರೆಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ. 112 ಬಂದ ಇಬ್ಬರು ಮಕ್ಕಳನ್ನು ಅಂದುಕೊಳ್ಳಿ: ಒಬ್ಬನಿಗೆ ಕುಕ್ಕರ್ ಸೀಟಿ ಸಹಿಸಲಾಗದು, ಇನ್ನೊಬ್ಬಳಿಗೆ ಮಾತೇ ಇಲ್ಲ. ಅಂಕ ಸರ್ಟಿಫಿಕೇಟಿಗೆ ಸಾಕು, ಥೆರಪಿ ಎಲ್ಲಿಂದ ಶುರು ಮಾಡಬೇಕೆಂದು ಹೇಳದು.

ಆ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಗಂಭೀರವಾಗಿ ಹಿಡಿದವರಲ್ಲಿ ಪ್ರತಿಭಾ ಕಾರಂತ ಒಬ್ಬರು. ಅವರ ಕಮ್ಯುನಿಕೇಶನ್ ಡೀಲ್ ಕಾರ್ಯಕ್ರಮದಲ್ಲಿ ಆರರೊಳಗಿನ ಮಕ್ಕಳ ಚಲನೆ, ಭಾಷೆ, ಬುದ್ಧಿ, ಬೆರೆಯುವಿಕೆಯನ್ನು ಬೇರೆಬೇರೆ ಅಳೆದು, ಹಿಂದುಳಿದ ಕಡೆ ಸ್ಪೀಚ್ ಥೆರಪಿಸ್ಟರೂ ಓಟಿಯವರೂ ಒಟ್ಟಿಗೆ ಕೆಲಸ ಮಾಡುತ್ತಾರೆ. ಇದಕ್ಕೆ ತಂಡವೇ ಬೇಕು, ದಿನವೂ ಹೋಗಬೇಕು. ಕೆಲಸಕ್ಕೆ ಹೋಗುವ ತಾಯಿಗೆ ಸುಲಭವಲ್ಲ.

ಇನ್ನೊಂದು ದಾರಿಯನ್ನು ಗೋವಾ ಮತ್ತು ರಾವಲ್ಪಿಂಡಿಯಲ್ಲಿ ಪರೀಕ್ಷಿಸಲಾಯಿತು. ತಜ್ಞರಲ್ಲದ ಕಾರ್ಯಕರ್ತರು ಮನೆಗೆ ಹೋಗಿ, ಮಗುವಿನ ಆಟಕ್ಕೆ ತಕ್ಕಂತೆ ಸ್ಪಂದಿಸುವುದನ್ನು ತಂದೆತಾಯಿಗೆ ಕಲಿಸಿದರು. 65 ಮಕ್ಕಳ ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ತಾಯಂದಿರ ಸ್ಪಂದನೆ ಸುಧಾರಿಸಿತ್ತು, ಮಕ್ಕಳು ತಾವಾಗಿ ಮಾತಿಗೋ ಸನ್ನೆಗೋ ತೊಡಗುವುದೂ ಹೆಚ್ಚಿತ್ತು. ಆದರೆ ತಾಯಿ, ಮಗು ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನವಿಡುವ ಹೊತ್ತು ಹೆಚ್ಚಲಿಲ್ಲ, ಕಡಿಮೆಯೇ ಆಗಿತ್ತು.