ದಡಾರ ಬಂದ ಮನೆ: ಯಾರಿಂದ ಯಾರಿಗೆ ಬಂತು, ಎಷ್ಟು ದಿನ ನಿಗಾ? ಲೆಕ್ಕ ಹೀಗಿದೆ

ಮನೆಯಲ್ಲಿ ಒಂದು ಮಗುವಿಗೆ ದಡಾರ ಬಂದರೆ ಆರೋಗ್ಯ ಸಿಬ್ಬಂದಿ ಬಂದು ತಾರೀಖು ಕೇಳುತ್ತಾರೆ. ಆ ತಾರೀಖುಗಳಿಂದ ಮೂರು ವಿಷಯ ಗೊತ್ತಾಗುತ್ತದೆ. ಲೆಕ್ಕ ತಿಳಿಯಲು ಎಂಟು ಜನರ ಒಂದು ಮನೆಯನ್ನು ಊಹಿಸಿಕೊಳ್ಳಿ. ಮುಂದೆ ಅಂಗಡಿ, ಹಿಂದೆ ವಾಸ.

ಮೊದಲ ಮಗುವಿನ ಮೈಮೇಲೆ ಜೂನ್ 1ರಂದು ಗುಳ್ಳೆ ಎದ್ದವು. ಎರಡನೇ ಮಗುವಿಗೆ ಜೂನ್ 3ರಂದು. ಆಮೇಲೆ ಜೂನ್ 12 ಮತ್ತು 14ರಂದು ಇನ್ನಿಬ್ಬರಿಗೆ.

ಕಾವು ಅವಧಿ (ಇನ್‌ಕ್ಯುಬೇಶನ್)

ವೈರಸ್ ಮೈಸೇರಿದ ದಿನದಿಂದ ರೋಗ ಕಾಣಿಸುವವರೆಗಿನ ಸಮಯ ಇದು. ದಡಾರದಲ್ಲಿ ಗುಳ್ಳೆ ಏಳಲು ಸುಮಾರು 14 ದಿನ ಬೇಕು. 7ರಿಂದ 21 ದಿನದವರೆಗೂ ಆಗಬಹುದು. ಹಾಗಾಗಿ ಮೊದಲ ಮಗುವಿಗೆ ಸೋಂಕು ತಗುಲಿದ್ದು ಮೇ 11ರಿಂದ 25ರ ನಡುವೆ. ಮೇ 19ರಂದು ಎರಡೂ ಮಕ್ಕಳು ಒಂದೇ ಮದುವೆಗೆ ಹೋಗಿದ್ದರೆ, ಅನುಮಾನ ಮೊದಲು ಅಲ್ಲಿಗೇ ಹೋಗುತ್ತದೆ.

ಸೀರಿಯಲ್ ಇಂಟರ್ವಲ್

ಒಬ್ಬರಿಗೆ ಗುಳ್ಳೆ ಎದ್ದ ದಿನಕ್ಕೂ, ಅವರಿಂದ ಸೋಂಕು ತಗುಲಿದವರಿಗೆ ಎದ್ದ ದಿನಕ್ಕೂ ಇರುವ ಅಂತರ. ದಡಾರದಲ್ಲಿ ಇದು ಸುಮಾರು 11–12 ದಿನ. ಕಾವು ಅವಧಿಗಿಂತ ಇದು ಕಮ್ಮಿ ಯಾಕೆ ಅಂದರೆ, ಗುಳ್ಳೆ ಏಳುವ 4 ದಿನ ಮೊದಲೇ ರೋಗಿ ಸೋಂಕು ಹರಡಲು ಶುರು ಮಾಡಿರುತ್ತಾನೆ. ಗುಳ್ಳೆ ಎದ್ದ ಮೇಲೂ 4 ದಿನ ಹರಡುತ್ತದೆ.

ಈಗ ಜೂನ್ 3ರ ಮಗುವನ್ನು ನೋಡಿ. ಅಂತರ ಬರೀ 2 ದಿನ. ಅಣ್ಣನಿಂದ ತಮ್ಮನಿಗೆ ಬಂದಿದ್ದಲ್ಲ. ಇಬ್ಬರಿಗೂ ಒಂದೇ ಕಡೆ ತಗುಲಿದೆ. ಜೂನ್ 12 ಮತ್ತು 14ರವರಿಗೆ ಮಾತ್ರ ಮನೆಯೊಳಗೆ ಹರಡಿದೆ.

ಸೆಕೆಂಡರಿ ಅಟ್ಯಾಕ್ ರೇಟ್

ಸಂಪರ್ಕಕ್ಕೆ ಬಂದವರಲ್ಲಿ ನೂರಕ್ಕೆ ಎಷ್ಟು ಜನರಿಗೆ ರೋಗ ಬಂತು ಅನ್ನುವ ಲೆಕ್ಕ. ಮೊದಲಿಬ್ಬರನ್ನು ಬಿಟ್ಟರೆ ಮನೆಯಲ್ಲಿ ಉಳಿದವರು ಆರು. ಅಜ್ಜ, ಅಜ್ಜಿಗೆ ಚಿಕ್ಕಂದಿನಲ್ಲೇ ದಡಾರ ಬಂದು ಹೋಗಿದೆ. ಒಬ್ಬಳು ಹುಡುಗಿಗೆ ಎರಡೂ ಡೋಸ್ ಲಸಿಕೆ ಆಗಿದೆ. ಅವರನ್ನು ಕಳೆದರೆ ರೋಗ ತಗುಲಬಹುದಾದವರು ಮೂವರೇ. ಅವರಲ್ಲಿ ಇಬ್ಬರಿಗೆ ಬಂತು, ಅಂದರೆ ಶೇ 67.

ಆರೂ ಜನರಿಂದ ಭಾಗಿಸಿದರೆ ಶೇ 33 ಬಂದು ರೋಗ ಸೌಮ್ಯ ಅನ್ನಿಸುತ್ತದೆ. ಜೂನ್ 3ರ ಮಗುವನ್ನೂ ಮನೆಯಲ್ಲಿ ಹರಡಿದ್ದು ಎಂದು ಸೇರಿಸಿದರೆ ನಾಲ್ವರಲ್ಲಿ ಮೂವರು, ಶೇ 75 ಆಗುತ್ತದೆ. ಒಂದೇ ಮನೆಯ ಲೆಕ್ಕ ಚಿಕ್ಕದು. ಹಲವು ಮನೆಗಳನ್ನು ಕೂಡಿಸಿದಾಗಲೇ ಅದನ್ನು ನಂಬಬಹುದು. ರಕ್ಷಣೆ ಇಲ್ಲದವರಲ್ಲಿ ದಡಾರದ ಪ್ರಮಾಣ ಶೇ 90ರ ಹತ್ತಿರ ಹೋಗುತ್ತದೆ.

ಅಂಗಡಿಗೆ ಬಂದವರ ಕಥೆ?

ಮೊದಲ ಮಗು ಅಂಗಡಿಯಲ್ಲಿ ಕೂರುತ್ತಿದ್ದರೆ ಪಟ್ಟಿ ಜೂನ್ 1ರಿಂದಲ್ಲ, ಮೇ 28ರಿಂದ ಶುರುವಾಗಬೇಕು. ಮೇ 30ರಂದು ಬಂದಿದ್ದ, ಲಸಿಕೆ ಆಗದ ಮಗುವಿನ ಮೇಲೆ 21 ದಿನ, ಅಂದರೆ ಜೂನ್ 20ರವರೆಗೆ ನಿಗಾ ಬೇಕು. ಸಂಪರ್ಕವಾದ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ರೋಗ ತಪ್ಪಬಹುದು. ಮೇ 30ರ ಮಗುವಿಗೆ ಆ ಗಡುವು ಜೂನ್ 2ಕ್ಕೇ ಮುಗಿಯುತ್ತದೆ. ಗುಳ್ಳೆ ಕಂಡ ದಿನವೇ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಮಾತ್ರ ಅದು ಕೈಗೆ ಸಿಗುತ್ತದೆ.