ಎಂದೂ ಬಾರದ ದಿನಕ್ಕೊಂದು ಲೆಕ್ಕ

ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಮುತ್ತಿಗೆಗೆ ಸಿಲುಕಿದ್ದ ಕಿಂಬರ್ಲಿ ಪಟ್ಟಣವನ್ನು ಬ್ರಿಟಿಷ್ ಸೇನೆ ಬಿಡಿಸಿಕೊಂಡದ್ದು 1900ರ ಫೆಬ್ರುವರಿ 15ರಂದು. ಮೆಫೆಕಿಂಗ್ ಪಟ್ಟಣದ ಮುತ್ತಿಗೆ ತೆರವಾದದ್ದು ಅದೇ ವರ್ಷದ ಮೇ 17ರಂದು. ಎರಡೂ ಗುರುವಾರಗಳು, ನಡುವಿನ ಅಂತರ ಸರಿಯಾಗಿ 13 ವಾರ, ಅಂದರೆ 91 ದಿನ. ಇದನ್ನೇ ಕಂಪ್ಯೂಟರಿನ ಎಕ್ಸೆಲ್‌ಗೆ ಕೇಳಿದರೆ ಉತ್ತರ ಬೇರೆ:

```
=DATE(1900,5,17)-DATE(1900,2,15)
92
```

ಹೆಚ್ಚಾದ ಆ ಒಂದು ದಿನ ಎಲ್ಲಿಂದ ಬಂತು?

ಎಕ್ಸೆಲ್ ಪ್ರತಿ ದಿನಾಂಕವನ್ನೂ ಒಂದು ಕ್ರಮಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1ಕ್ಕೆ 1, ಫೆಬ್ರುವರಿ 28ಕ್ಕೆ 59. ಮಾರ್ಚ್ 1ಕ್ಕೆ 60 ಬರಬೇಕಿತ್ತು. ಎಕ್ಸೆಲ್ ಕೊಡುವುದು 61. ನಡುವಿನ 60ನೇ ಸಂಖ್ಯೆ ಫೆಬ್ರುವರಿ 29ರದು. ಅಂಥ ದಿನ ಆ ವರ್ಷ ಇರಲೇ ಇಲ್ಲ. 1582ರಲ್ಲಿ ಜಾರಿಗೆ ಬಂದ ಗ್ರೆಗೊರಿಯನ್ ಪಂಚಾಂಗದ ಪ್ರಕಾರ ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. 2000 ಅಧಿಕ ವರ್ಷ, 1900 ಅಲ್ಲ.

ಈ ತಪ್ಪು ಎಕ್ಸೆಲ್‌ನ ಸ್ವಂತದ್ದಲ್ಲ. 1983ರಲ್ಲಿ ಮಾರುಕಟ್ಟೆಗೆ ಬಂದ ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶ 1900ನ್ನು ಅಧಿಕ ವರ್ಷವೆಂದೇ ಎಣಿಸಿತ್ತು. ನಾಲ್ಕರಿಂದ ಭಾಗವಾದರೆ ಸಾಕು ಎಂಬ ಸರಳ ನಿಯಮ 1901ರಿಂದ 2099ರವರೆಗೆ ಎಲ್ಲೂ ತಪ್ಪುವುದಿಲ್ಲ. ಎಡವುವುದು 1900ರಲ್ಲಿ ಮಾತ್ರ. ಕಚೇರಿಗಳಲ್ಲೆಲ್ಲ ಲೋಟಸ್ ಕಡತಗಳೇ ತುಂಬಿದ್ದ ಕಾಲದಲ್ಲಿ ಬಂದ ಎಕ್ಸೆಲ್, ಆ ಕಡತಗಳ ದಿನಾಂಕ ಬದಲಾಗದಿರಲೆಂದು ತಪ್ಪನ್ನೂ ಹಾಗೆಯೇ ಉಳಿಸಿಕೊಂಡಿತು.

ಲೋಟಸ್ ಮರೆಯಾದ ಮೇಲೂ ತಿದ್ದುಪಡಿ ಸುಲಭವಾಗಲಿಲ್ಲ. 60ನ್ನು ಅಳಿಸಿದರೆ ಅನಂತರದ ಕ್ರಮಸಂಖ್ಯೆಗಳೆಲ್ಲ ಒಂದೊಂದು ಕೆಳಗಿಳಿಯಬೇಕು. ಹಳೆಯ ಕಡತದಲ್ಲಿ ಇರುವುದು ಸಂಖ್ಯೆ ಮಾತ್ರವಾದ್ದರಿಂದ, ಅದರಲ್ಲಿನ ದಿನಾಂಕಗಳೆಲ್ಲ ಒಂದು ದಿನ ಮುಂದಕ್ಕೆ ಸರಿದುಬಿಡುತ್ತವೆ.

ಎರಡೂ ದಿನಾಂಕಗಳು 1900ರ ಮಾರ್ಚ್ 1 ಅಥವಾ ಅನಂತರದವಾಗಿದ್ದರೆ ಅಂತರದಲ್ಲಿ ದೋಷವಿಲ್ಲ. ಒಂದು ದಿನಾಂಕ ಈಚೆಗೂ ಇನ್ನೊಂದು ಆ ವರ್ಷದ ಮೊದಲೆರಡು ತಿಂಗಳಲ್ಲೂ ಇದ್ದರೆ ಬಂದ ಉತ್ತರದಲ್ಲಿ 1 ಕಳೆಯಬೇಕು. ಎರಡೂ ಆ ಎರಡು ತಿಂಗಳಲ್ಲೇ ಇದ್ದರೆ ಅಂತರ ಸರಿ, ವಾರ ಮಾತ್ರ ತಪ್ಪು. ಸೋಮವಾರವಾಗಿದ್ದ 1900ರ ಜನವರಿ 1ನ್ನು ಎಕ್ಸೆಲ್ ಭಾನುವಾರ ಎನ್ನುತ್ತದೆ. ಕಿಂಬರ್ಲಿಯ ಗುರುವಾರವೂ ಅದಕ್ಕೆ ಬುಧವಾರ. ಹಳೆಯ ಪತ್ರ, ದಿನಚರಿಗಳ ತಾರೀಖು ಜೋಡಿಸುವವರಿಗೆ ಈ ವಾರದ ಹೆಸರೇ ಮೊದಲ ಎಚ್ಚರಿಕೆ.